ಹೋಟೆಲ್ ಊಟ, ಎದೆಯುರಿ ಮತ್ತು ರಾತ್ರಿ ಹತ್ತೂವರೆ

ರಾತ್ರಿ ಒಂದು ಗಂಟೆಗೆ ಎದೆಮೂಳೆಯ ಹಿಂದೆ ಉರಿ ಎದ್ದು ಎಚ್ಚರವಾಗುತ್ತದೆ. ಗಂಟಲಿಗೆ ಹುಳಿನೀರು ಬಂದಿರುತ್ತದೆ. ಎದ್ದು ಕೂತರೆ ಸ್ವಲ್ಪ ಸಮಾಧಾನ, ಮಲಗಿದರೆ ಮತ್ತೆ ಶುರು. ಬೆಳಗ್ಗೆ ಕೇಳಿದವರಿಗೆ ಹೇಳುವುದು ಒಂದೇ ಮಾತು: "ಗ್ಯಾಸ್ಟ್ರಿಕ್ ಆಗಿತ್ತು." ಅದಕ್ಕೆ ಸಿಗುವ ಸಲಹೆಯೂ ಒಂದೇ: "ಹೋಟೆಲ್ ಊಟ ಬಿಡಿ, ಮನೆ ಊಟ ಮಾಡಿ."

ಪಿಜಿಯಲ್ಲಿರುವ ಹುಡುಗ, ಕ್ಯಾಬ್ ಓಡಿಸುವವರು, ಅಂಗಡಿಯಿಂದ ಅಂಗಡಿಗೆ ಸುತ್ತುವ ಸೇಲ್ಸ್‌ನವರು ಮನೆ ಊಟವನ್ನು ಎಲ್ಲಿಂದ ತರಬೇಕು? ಅವರ ಅಡುಗೆಮನೆ ಎಂದರೆ ರಸ್ತೆ ತಿರುವಿನ ದರ್ಶಿನಿ. ಅಲ್ಲಿನ ಬೋರ್ಡಿನಲ್ಲಿರುವ ತಿಂಡಿಗಳಲ್ಲಿ ಯಾವುದನ್ನು, ಎಷ್ಟು, ಎಷ್ಟು ಹೊತ್ತಿಗೆ ತಿಂದರೆ ರಾತ್ರಿ ನಿದ್ದೆ ಬರುತ್ತದೆ ಎಂದು ತಿಳಿದರೆ ಅವರಿಗೆ ನಿಜವಾದ ಉಪಕಾರವಾಗುತ್ತದೆ. ಅದನ್ನು ತಿಳಿಯಬೇಕಾದರೆ ಮೊದಲು ಈ ಉರಿ ಎಲ್ಲಿಂದ ಬರುತ್ತದೆ ಎಂದು ನೋಡಬೇಕು.

ಬಾಗಿಲು ಸಡಿಲವಾದಾಗ

ಹೊಟ್ಟೆಯಲ್ಲಿ ಆಮ್ಲ ಇರುವುದು ಕಾಯಿಲೆಯಲ್ಲ. ಆಹಾರ ಅರಗಿಸಲು ಅದು ಬೇಕೇ ಬೇಕು, ಜಠರದ ಒಳಗೋಡೆ ಅದನ್ನು ತಡೆದುಕೊಳ್ಳುವಂತೆಯೇ ಇದೆ. ಅನ್ನನಾಳಕ್ಕೆ ಆ ರಕ್ಷಣೆ ಇಲ್ಲ. ಅನ್ನನಾಳ ಜಠರವನ್ನು ಸೇರುವ ಜಾಗದಲ್ಲಿ ಉಂಗುರದಂತಹ ಒಂದು ಸ್ನಾಯು ಇದೆ. ನುಂಗಿದಾಗ ತೆರೆದುಕೊಂಡು, ತುತ್ತು ಒಳಗೆ ಹೋದ ಮೇಲೆ ಬಿಗಿಯಾಗುವ ಬಾಗಿಲು ಅದು. ನುಂಗದೆ ಇರುವಾಗಲೂ ಆ ಬಾಗಿಲು ಆಗಾಗ ಸಡಿಲಗೊಂಡರೆ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಎದೆಯುರಿ, ಹುಳಿತೇಗು, ಬೆಳಗಿನ ಗಂಟಲು ಕೆರೆತ, ಕೆಲವರಿಗೆ ಒಣಕೆಮ್ಮು, ಇವೆಲ್ಲ ಅದರ ಫಲ.

ಬಾಗಿಲು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾಗಲು ದೊಡ್ಡ ಕಾರಣ ಹೊಟ್ಟೆ ಉಬ್ಬುವುದು. ಜಠರದ ಮೇಲ್ಭಾಗ ಊಟದಿಂದಲೋ ಗಾಳಿಯಿಂದಲೋ ಹಿಗ್ಗಿದಾಗ, ಒಳಗಿನ ಗಾಳಿಯನ್ನು ತೇಗಾಗಿ ಹೊರಬಿಡಲು ದೇಹ ತಾನಾಗಿಯೇ ಆ ಬಾಗಿಲು ತೆರೆಯುತ್ತದೆ. ಗಾಳಿಯ ಜೊತೆ ಆಮ್ಲವೂ ಬರುತ್ತದೆ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಊಟ ಬಿದ್ದಾಗ ಆಮ್ಲದ ತೀಕ್ಷ್ಣತೆ ಕಡಿಮೆಯಾಗಬೇಕು. ಹಾಗಿದ್ದರೂ ಹೆಚ್ಚಿನವರಿಗೆ ಉರಿ ಬರುವುದು ಊಟವಾದ ಮೇಲೆಯೇ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಸಂಶೋಧಕರು 2001ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಆಮ್ಲ ಅಳೆಯುವ ಸಣ್ಣ ತಂತಿಯನ್ನು ಜಠರದಿಂದ ಮೇಲಕ್ಕೆ ನಿಧಾನವಾಗಿ ಎಳೆಯುತ್ತ ಬಂದಾಗ, ಊಟದ ರಾಶಿಯೊಳಗೆ ಆಮ್ಲ ಸಪ್ಪೆಯಾಗಿದ್ದರೂ ರಾಶಿಯ ಮೇಲೆ, ಆ ಬಾಗಿಲಿನ ಹತ್ತಿರವೇ, ಆಹಾರದೊಡನೆ ಬೆರೆಯದ ತೀಕ್ಷ್ಣ ಆಮ್ಲದ ಪದರವೊಂದು ನಿಂತಿರುವುದು ಕಂಡಿತು. ಹೊಟ್ಟೆ ಬಿರಿಯುವಂತೆ ಉಂಡವರಲ್ಲಿ ಆ ಪದರ ಬಾಗಿಲಿಗೆ ಒತ್ತಿಕೊಂಡೇ ಇರುತ್ತದೆ. ಸೊಂಟದ ಬೆಲ್ಟ್ ಬಿಗಿದುಕೊಂಡು ಬೈಕ್ ಮೇಲೆ ಬಾಗಿ ಕೂತರೆ, ಇಲ್ಲವೇ ಉಂಡ ತಕ್ಷಣ ಮಲಗಿದರೆ, ಅದು ಮೇಲೇರಲು ಹೆಚ್ಚು ಹೊತ್ತು ಬೇಡ.

ಆದ್ದರಿಂದ ಹೋಟೆಲಿನ ಬೋರ್ಡ್ ನೋಡುವಾಗ "ಇದು ಹುಳಿಯೇ, ಉಷ್ಣವೇ" ಎಂದು ಕೇಳುವುದಕ್ಕಿಂತ ಇದು ಹೊಟ್ಟೆಯನ್ನು ಎಷ್ಟು ತುಂಬಿಸುತ್ತದೆ, ಇದರಲ್ಲಿ ಎಣ್ಣೆ ಎಷ್ಟು, ಇದನ್ನು ತಿಂದು ಎಷ್ಟು ಹೊತ್ತಿಗೆ ಮಲಗುತ್ತೇನೆ ಎಂದು ಕೇಳಿಕೊಂಡರೆ ಉಪಯೋಗ ಹೆಚ್ಚು. ಇಡ್ಲಿ ಹಿಟ್ಟು ಹುದುಗಿ ಹುಳಿ ಬಂದದ್ದು ನಿಜ, ಆದರೆ ಜಠರದ ಆಮ್ಲದ ಮುಂದೆ ಆ ಹುಳಿ ಏನೇನೂ ಅಲ್ಲ. ಅದೇ ಹಿಟ್ಟು ಕಾವಲಿಯ ಮೇಲೆ ಎರಡು ಚಮಚ ಬೆಣ್ಣೆ ಕುಡಿದು ದೋಸೆಯಾದಾಗ ಲೆಕ್ಕ ಬದಲಾಗುತ್ತದೆ. ಕೊಬ್ಬು ಹೆಚ್ಚಿರುವ ಆಹಾರ ಜಠರದಿಂದ ನಿಧಾನವಾಗಿ ಇಳಿಯುತ್ತದೆ. ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ, ಬಾಗಿಲು ಹೆಚ್ಚು ಸಲ ಸಡಿಲಗೊಳ್ಳಬಹುದು.

ಖಾರದ ಕಥೆ ಬೇರೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಬಿಸಿಯನ್ನು ಗುರುತಿಸುವ ನರಗಳನ್ನೇ ಮುಟ್ಟಿ ಎಬ್ಬಿಸುತ್ತದೆ. ಮೊದಲೇ ಕೆರಳಿರುವ ಅನ್ನನಾಳಕ್ಕೆ ಅದು ಗಾಯದ ಮೇಲೆ ಬಿದ್ದ ಖಾರದಂತೆ. ಹಾಗಾಗಿ ಒಂದೇ ಕೆಂಪು ಚಟ್ನಿ ಒಬ್ಬರಿಗೆ ಏನೂ ಮಾಡದೆ, ಪಕ್ಕದಲ್ಲಿ ನಿಂತು ತಿಂದವರಿಗೆ ಮಧ್ಯಾಹ್ನದವರೆಗೂ ಉರಿಸಬಲ್ಲದು.

ಒಂದು ದಿನದ ಲೆಕ್ಕ

ಬೆಂಗಳೂರಿನಲ್ಲಿ ಟೈಲ್ಸ್ ಮಾರುವ, ಮೂವತ್ತೆಂಟು ವಯಸ್ಸಿನ ಒಬ್ಬರ ದಿನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಂಥವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಒಂದು ಕಾಫಿ. ಎಂಟೂವರೆಗೆ ದರ್ಶಿನಿಯಲ್ಲಿ ಮಸಾಲೆ ದೋಸೆ, ಒಂದು ವಡೆ, ಮತ್ತೆ ಕಾಫಿ. ಹನ್ನೊಂದಕ್ಕೆ ಡೀಲರ್ ಅಂಗಡಿಯಲ್ಲಿ ಟೀ. ಕೆಲಸದ ಗಡಿಬಿಡಿಯಲ್ಲಿ ಮಧ್ಯಾಹ್ನದ ಊಟ ಮೂರು ಗಂಟೆಗೆ, ಅದೂ ನಿಂತುಕೊಂಡೇ ಒಂದು ಪ್ಲೇಟ್ ಪಲಾವ್. ಐದಕ್ಕೆ ಮೆಣಸಿನಕಾಯಿ ಬಜ್ಜಿ ಮತ್ತು ಟೀ, ಏಳಕ್ಕೆ ಇನ್ನೊಂದು ಕಾಫಿ. ರಾತ್ರಿ ಹತ್ತೂವರೆಗೆ ರೂಮಿನ ಹತ್ತಿರದ ಗಾಡಿಯಲ್ಲಿ ಗೋಬಿ ಮಂಚೂರಿ, ಎಗ್ ಫ್ರೈಡ್ ರೈಸ್. "ಅರಗಲಿ" ಎಂದು ಬೀಡಾ ಅಂಗಡಿಯಲ್ಲಿ ಒಂದು ಜೀರಾ ಸೋಡಾ. ಹನ್ನೊಂದೂ ಕಾಲಿಗೆ ಹಾಸಿಗೆ.

ಈ ಪಟ್ಟಿ ನೋಡಿದವರು ಮೊದಲು ಬೆರಳು ತೋರಿಸುವುದು ಬೆಳಗಿನ ಮಸಾಲೆ ದೋಸೆಗೆ. ಆದರೆ ಅದನ್ನು ತಿಂದ ಮೇಲೆ ಅವರು ಗಂಟೆಗಟ್ಟಲೆ ನಿಂತು, ನಡೆದು ಓಡಾಡುತ್ತಾರೆ. ನೆಟ್ಟಗೆ ಇರುವವರಲ್ಲಿ ಆಮ್ಲ ಮೇಲೆ ಬಂದರೂ ಭೂಮಿಯ ಸೆಳೆತದಿಂದ ಬೇಗ ಕೆಳಗಿಳಿಯುತ್ತದೆ. ನುಂಗುವ ಎಂಜಲಿನಲ್ಲಿರುವ ಕ್ಷಾರ ಉಳಿದದ್ದನ್ನು ತೊಳೆಯುತ್ತದೆ. ನಿದ್ದೆಯಲ್ಲಿ ಈ ಎರಡು ನೆರವೂ ಇಲ್ಲ. ನಿದ್ದೆ ಹತ್ತಿದಾಗ ಎಂಜಲು ಸುರಿಯುವುದೂ ನುಂಗುವುದೂ ಬಹಳ ಕಡಿಮೆ. ಆದ್ದರಿಂದ ಈ ದಿನದಲ್ಲಿ ಅತಿ ಹೆಚ್ಚು ಕೆಡುಕು ಮಾಡುವುದು ಹತ್ತೂವರೆಯ ಊಟ. ಎಣ್ಣೆ, ಖಾರ, ಟೊಮ್ಯಾಟೊ ಸಾಸ್, ಹೊಟ್ಟೆ ತುಂಬ ಅನ್ನ, ಅದರ ಮೇಲೆ ಸೋಡಾದ ಗಾಳಿ, ಮುಕ್ಕಾಲು ಗಂಟೆಯಲ್ಲಿ ನಿದ್ದೆ.

ಊಟಕ್ಕೂ ಮಲಗುವುದಕ್ಕೂ ನಡುವಿನ ಅಂತರ ಎಷ್ಟು ಮುಖ್ಯ ಎಂಬುದನ್ನು ಜಪಾನಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತು. ರಾತ್ರಿ ಊಟವಾದ ಮೂರು ಗಂಟೆಯೊಳಗೆ ಮಲಗುವವರಲ್ಲಿ, ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬಿಡುವವರಿಗಿಂತ, ಈ ಕಾಯಿಲೆ ಬಹಳ ಹೆಚ್ಚಾಗಿ ಕಂಡಿತ್ತು. ಇಂದು ವೈದ್ಯರು ಸಾಮಾನ್ಯವಾಗಿ ಎರಡರಿಂದ ಮೂರು ಗಂಟೆ ಅಂತರ ಇಡಲು ಹೇಳುತ್ತಾರೆ.

ರೂಮಿಗೆ ಸೇರುವುದೇ ಹತ್ತು ಗಂಟೆಗಾದರೆ ಏನು ಮಾಡುವುದು? ಊಟವನ್ನು ರೂಮಿನ ಹತ್ತಿರದಿಂದ ಕೆಲಸದ ಹತ್ತಿರಕ್ಕೆ ತರಬೇಕು. ಏಳರ ಕಾಫಿಯ ಜಾಗದಲ್ಲಿ, ಏಳೂವರೆಗೆ, ಯಾವ ಬಡಾವಣೆಯಲ್ಲಿದ್ದರೆ ಅಲ್ಲೇ ದರ್ಶಿನಿಗೆ ಹೋಗಿ ರಾತ್ರಿ ಊಟ ಮುಗಿಸುವುದು: ಎರಡು ಇಡ್ಲಿ ಮತ್ತು ಒಂದು ಖಾಲಿ ದೋಸೆ, ಅಥವಾ ಎರಡು ಚಪಾತಿ ಸಾಗು, ಅಥವಾ ಅನ್ನ ತಿಳಿಸಾರು ಮತ್ತು ಮೊಸರನ್ನ. ಹತ್ತಕ್ಕೆ ರೂಮಿಗೆ ಬಂದಾಗ ಹಸಿವಿದ್ದರೆ ಒಂದು ಬಾಳೆಹಣ್ಣು. ಟ್ರಾಫಿಕ್ಕಿನಲ್ಲಿ ಸಾಗುವ ಎರಡು ಗಂಟೆ ಹೀಗೆ ಅರಗುವ ಎರಡು ಗಂಟೆಯಾಗುತ್ತದೆ. ಇಷ್ಟು ಒಂದನ್ನೇ ಬದಲಿಸಿ ಉಳಿದದ್ದನ್ನು ಮೊದಲಿನಂತೆ ಬಿಟ್ಟರೂ ರಾತ್ರಿಯ ಉರಿ ಇರುವವರಿಗೆ ಒಂದೆರಡು ವಾರದಲ್ಲಿ ವ್ಯತ್ಯಾಸ ಗೊತ್ತಾಗುವ ಸಾಧ್ಯತೆ ಇದೆ.

ಬೋರ್ಡಿನ ಮುಂದೆ ನಿಂತಾಗ

ದರ್ಶಿನಿಯ ಬೋರ್ಡು ಆಸಿಡಿಟಿ ಇರುವವರಿಗೆ ಪೂರ್ತಿ ವೈರಿಯೇನಲ್ಲ. ಹಬೆಯಲ್ಲಿ ಬೆಂದ ಇಡ್ಲಿಗೆ ಎಣ್ಣೆಯೇ ಇಲ್ಲ. ತೊಂದರೆ ಇರುವುದು ಅದರ ಪಕ್ಕದಲ್ಲಿ. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಕೊಟ್ಟರೆ ಬಟ್ಟಲಿನ ಖಾರ, ಹುಣಸೆಹುಳಿ ಎಲ್ಲವೂ ಹೊಟ್ಟೆಗೆ. "ಅಣ್ಣ, ಸಾಂಬಾರ್ ಬೇರೆ ಕಪ್‌ನಲ್ಲಿ ಕೊಡಿ" ಎಂದರೆ ಬೇಕಾದಷ್ಟೇ ಅದ್ದಿಕೊಳ್ಳಬಹುದು. ಕೊಬ್ಬರಿ ಚಟ್ನಿಯಲ್ಲಿ ಹಸಿಮೆಣಸು ಎಷ್ಟಿದೆ ಎಂಬುದು ಹೋಟೆಲಿಂದ ಹೋಟೆಲಿಗೆ ಬೇರೆ, ಒಮ್ಮೆ ನಾಲಿಗೆಗೆ ತಾಗಿಸಿ ನೋಡಿದರೆ ತಿಳಿಯುತ್ತದೆ.

ದೋಸೆ ತಿನ್ನಲೇಬೇಕು ಅನಿಸಿದ ದಿನ ಸೆಟ್ ದೋಸೆ ಅಥವಾ ಖಾಲಿ ದೋಸೆಯನ್ನು "ಎಣ್ಣೆ ಕಮ್ಮಿ, ಕೆಂಪು ಚಟ್ನಿ ಬೇಡ" ಎಂದು ಹೇಳಿ ಹಾಕಿಸಿಕೊಳ್ಳಬಹುದು. ಆರ್ಡರ್ ಮೇಲೆ ಹಾಕುವ ತಿಂಡಿಯ ಅನುಕೂಲವೇ ಇದು. ಖಾರಾಬಾತ್, ಕೇಸರಿಬಾತ್, ಪೊಂಗಲ್, ಪಲಾವ್‌ಗಳಲ್ಲಿ ಎಣ್ಣೆ ತುಪ್ಪ ಮೊದಲೇ ಬೆರೆತುಹೋಗಿರುತ್ತದೆ, ಗಿರಾಕಿ ಕೇಳಿ ಕಡಿಮೆ ಮಾಡಿಸುವಂತಿಲ್ಲ. ಪೊಂಗಲ್ ಮೆತ್ತಗಿದೆ, ಹೊಟ್ಟೆಗೆ ಹಗುರ ಎಂದುಕೊಂಡು ತಿನ್ನುವವರು ಅದರ ಮೇಲೆ ತೇಲುವ ತುಪ್ಪವನ್ನೂ ಕಾಳುಮೆಣಸನ್ನೂ ಗಮನಿಸಬೇಕು. ಪೂರಿ, ವಡೆ, ಬೋಂಡಾ, ಬಜ್ಜಿ ಎಣ್ಣೆಯಲ್ಲೇ ಬೆಂದವು. ಆಸೆಯಾದರೆ ಬೆಳಗಿನ ಹೊತ್ತು ಅರ್ಧ ವಡೆ ತಿಂದು ನೋಡಬಹುದು, ಸಂಜೆಯ ನಂತರ ಬೇಡ.

ಮಧ್ಯಾಹ್ನದ ಊಟ ಮೂರು ಗಂಟೆಗೆ ಜಾರಿದರೆ ಹಸಿವು ಕೆಟ್ಟು, ಮೇಲೆ ಬಿದ್ದು ತಿನ್ನುವುದಾಗುತ್ತದೆ. ಒಂದು ಗಂಟೆಗೆ ಸ್ವಲ್ಪ, ಐದಕ್ಕೆ ಸ್ವಲ್ಪ ಎಂದು ಹಂಚಿಕೊಂಡರೆ ಹೊಟ್ಟೆ ಒಮ್ಮೆಲೇ ಹಿಗ್ಗುವುದಿಲ್ಲ. ಫುಲ್ ಮೀಲ್ಸ್ ಬದಲು ಮಿನಿ ಮೀಲ್ಸ್ ತೆಗೆದುಕೊಂಡು ಹಪ್ಪಳ, ಉಪ್ಪಿನಕಾಯಿ ಬದಿಗಿಟ್ಟರೆ ಸಾಕು. ಉತ್ತರ ಭಾರತೀಯ ಕೌಂಟರಿನ ಪನೀರ್ ಬಟರ್ ಮಸಾಲದಂತಹ ಗ್ರೇವಿಗಳಲ್ಲಿ ಟೊಮ್ಯಾಟೊ, ಬೆಣ್ಣೆ, ಕೆನೆ ಮೂರೂ ಒಟ್ಟಿಗೆ ಇರುತ್ತವೆ. ಅಲ್ಲಿ ಫುಲ್ಕಾ ಜೊತೆ ತೆಳುವಾದ ದಾಲ್ ಒಳ್ಳೆಯ ಆಯ್ಕೆ. ಮಿಲಿಟರಿ ಹೋಟೆಲಿಗೆ ಹೋಗುವವರು ಮುದ್ದೆಯನ್ನು ಬಿಡಬೇಕಿಲ್ಲ, ಅದರಲ್ಲಿ ಎಣ್ಣೆಯೂ ಇಲ್ಲ, ಖಾರವೂ ಇಲ್ಲ. ಸಾರಿನ ಮೇಲೆ ನಿಂತ ಎಣ್ಣೆಯನ್ನು ಚಮಚದಲ್ಲಿ ಸರಿಸಿ, ಫ್ರೈ ಬದಲು ಸಾರಿನ ತುಂಡು ತಿಂದರೆ ವಾಸಿ.

ಸಂಜೆಯ ಚಾಟ್ ಗಾಡಿಯಲ್ಲಿ ಹಲವರಿಗೆ ಆಗದ ಪದಾರ್ಥ ಹಸಿ ಈರುಳ್ಳಿ. ಚುರುಮುರಿ ಎಣ್ಣೆ ಕಡಿಮೆ ಇರುವ ತಿಂಡಿ, ಈರುಳ್ಳಿ ಮತ್ತು ಹಸಿಮೆಣಸಿನ ಪೇಸ್ಟ್ ಬಿಟ್ಟು ಕ್ಯಾರೆಟ್, ಕೊತ್ತಂಬರಿ ಹಾಕಿಸಿಕೊಂಡರೆ ಐದು ಗಂಟೆಗೆ ಒಳ್ಳೆಯ ಆಸರೆ.

ಲೋಟದೊಳಗೆ ಏನಿದೆ

ಹೊರಗೆ ತಿನ್ನುವವರು ಊಟದ ಲೆಕ್ಕ ಇಟ್ಟರೂ ಕುಡಿಯುವುದರ ಲೆಕ್ಕ ಇಡುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಒಂದೇ ದಿನಕ್ಕೆ ಮೂರು ಕಾಫಿ, ಎರಡು ಟೀ, ಒಂದು ಸೋಡಾ. ಅಮೆರಿಕದ ನರ್ಸ್‌ಗಳ ಆರೋಗ್ಯವನ್ನು ವರ್ಷಾನುಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2020ರಲ್ಲಿ ಬಂತು. ಕಾಫಿ, ಟೀ, ಸೋಡಾ ಹೆಚ್ಚು ಕುಡಿಯುವವರಲ್ಲಿ ಈ ತೊಂದರೆ ಹೆಚ್ಚಿತ್ತು. ಅವುಗಳಲ್ಲಿ ದಿನಕ್ಕೆ ಎರಡು ಲೋಟವನ್ನು ನೀರಿಗೆ ಬದಲಿಸಿದರೆ ಅಪಾಯ ಕಡಿಮೆಯಾಗಬಹುದು ಎಂಬ ಅಂದಾಜು ಅದರಿಂದ ಸಿಕ್ಕಿತು. ಹಾಲು, ನೀರಿನಲ್ಲಿ ಅಂಥ ಸಂಬಂಧ ಕಾಣಲಿಲ್ಲ.

ಕಾಫಿ ಎಲ್ಲರಿಗೂ ಆಗದು ಎಂದು ಹೇಳಲಾಗದು. ಕೆಲವರಿಗೆ ತಿಂಡಿಯ ನಂತರದ ಒಂದು ಕಾಫಿ ಏನೂ ಮಾಡುವುದಿಲ್ಲ, ಖಾಲಿ ಹೊಟ್ಟೆಯ ಕಾಫಿ ಮಾತ್ರ ಕಾಡುತ್ತದೆ. ಕರ್ನಾಟಕದ ಹೋಟೆಲುಗಳಲ್ಲಿ ಇದಕ್ಕೊಂದು ಸುಲಭ ದಾರಿ ಮೊದಲಿನಿಂದಲೂ ಇದೆ: ಬೈಟು. ಡೀಲರ್ ಜೊತೆ ಕೂತಾಗ ಟೀ ಬೇಡ ಎಂದರೆ ಅವರಿಗೆ ಬೇಸರ, ಬೈಟು ಎಂದರೆ ಮರ್ಯಾದೆಯೂ ಉಳಿಯುತ್ತದೆ, ಅರ್ಧ ಲೋಟವೂ ಉಳಿಯುತ್ತದೆ.

ಸೋಡಾದ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಊಟದ ಮೇಲೆ ಜೀರಾ ಸೋಡಾ ಕುಡಿದರೆ ದೊಡ್ಡ ತೇಗು ಬಂದು ಹಗುರ ಅನಿಸುತ್ತದೆ. ಆ ಗಾಳಿ ಬಂದದ್ದೇ ಬಹುಪಾಲು ಸೋಡಾದಿಂದ. ಅದು ತುಂಬಿದ ಹೊಟ್ಟೆಯನ್ನು ಇನ್ನಷ್ಟು ಹಿಗ್ಗಿಸಿ, ಬಾಗಿಲನ್ನು ತೆರೆಸಿ ಹೊರಗೆ ಬರುತ್ತದೆ. ಜೊತೆಗೆ ಆಮ್ಲಕ್ಕೂ ದಾರಿಯಾಗುತ್ತದೆ. ಕೋಲಾ, ಸೋಡಾ ಬೆರೆಸಿದ ನಿಂಬೆರಸ ಎಲ್ಲದರ ಕಥೆಯೂ ಇದೇ. ಬೀಡಾದ ಜೊತೆ ತಂಬಾಕು, ಸಿಗರೇಟು ಸೇರಿದರೆ ಅವು ಬಾಗಿಲನ್ನು ಇನ್ನೂ ಸಡಿಲ ಮಾಡುತ್ತವೆ. ಪೆಪ್ಪರ್‌ಮಿಂಟ್ ಚಪ್ಪರಿಸುವುದೂ ಕೆಲವರಿಗೆ ಅದೇ ತೊಂದರೆ ತರುತ್ತದೆ. ಮದ್ಯವಂತೂ ಸ್ನಾಯುವನ್ನು ಸಡಿಲಿಸುವುದರ ಜೊತೆಗೆ ಅನ್ನನಾಳವನ್ನೂ ಕೆರಳಿಸುತ್ತದೆ.

ತಣ್ಣನೆ ಹಾಲು ಕುಡಿದರೆ ಉರಿ ಅಡಗುತ್ತದೆ ಎಂಬ ನಂಬಿಕೆ ಅರ್ಧ ಸರಿ. ಕುಡಿದ ಕೂಡಲೇ ಹಾಲು ಆಮ್ಲವನ್ನು ಸ್ವಲ್ಪ ಸಪ್ಪೆ ಮಾಡುತ್ತದೆ. ಆಮೇಲೆ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಜಠರವನ್ನು ಮತ್ತೆ ಆಮ್ಲ ಸುರಿಸಲು ಪ್ರೇರೇಪಿಸುತ್ತವೆ. ಹಗಲು ಅರ್ಧ ಲೋಟ ಪರವಾಗಿಲ್ಲ. ಮಲಗುವ ಮುನ್ನ ದೊಡ್ಡ ಲೋಟದ ಬಾದಾಮಿ ಹಾಲು ಊಟಕ್ಕೆ ಸಮ.

ಹಾಗಾದರೆ ಕುಡಿಯುವುದೇನು? ನೀರನ್ನು ಊಟದ ನಡುವೆ ಗಟಗಟನೆ ಲೀಟರ್‌ಗಟ್ಟಲೆ ಸುರಿಯದೆ ದಿನವಿಡೀ ಗುಟುಕು ಗುಟುಕಾಗಿ ಕುಡಿಯುವುದು. ಎಳನೀರು ಹೆಚ್ಚಿನವರಿಗೆ ಒಗ್ಗುತ್ತದೆ. ಮಜ್ಜಿಗೆಯನ್ನು ಹಸಿಮೆಣಸು ಹಾಕಿಸದೆ ಸಣ್ಣ ಲೋಟದಲ್ಲಿ ಕುಡಿದು ನೋಡಬಹುದು. ಜ್ಯೂಸ್ ಅಂಗಡಿಯಲ್ಲಿ ಮೂಸಂಬಿ, ಕಿತ್ತಳೆ, ಅನಾನಸ್ ರಸ ಬಹಳ ಜನಕ್ಕೆ ಉರಿ ತರುತ್ತದೆ. ಅದರ ಬದಲು ಹೆಚ್ಚಿಟ್ಟ ಪರಂಗಿ, ಕರಬೂಜ ಕೇಳಬಹುದು.

ಎರಡು ವಾರದ ಚೀಟಿ

ಎಲ್ಲರಿಗೂ ಒಂದೇ ಪಟ್ಟಿ ಹೊಂದುವುದಿಲ್ಲ. ಇಂಟರ್ನೆಟ್‌ನಲ್ಲಿ ಓದಿದ್ದನ್ನೆಲ್ಲ ಒಂದೇ ದಿನ ಬಿಟ್ಟು ಬ್ರೆಡ್, ಬಿಸ್ಕತ್ತಿನ ಮೇಲೆ ಬದುಕುವವರು ಹತ್ತು ದಿನದಲ್ಲಿ ಸೋತು ಹಳೆಯ ದಾರಿಗೇ ಮರಳುತ್ತಾರೆ. ಅದಕ್ಕಿಂತ ಎರಡು ವಾರ ಫೋನಿನಲ್ಲಿ ನಾಲ್ಕು ವಿಷಯ ಬರೆದಿಟ್ಟುಕೊಳ್ಳುವುದು ಲೇಸು: ಏನು ತಿಂದದ್ದು, ಎಷ್ಟು ಹೊತ್ತಿಗೆ, ಉರಿ ಬಂದದ್ದು ಯಾವಾಗ, ಆಗ ಕೂತಿದ್ದೋ ಮಲಗಿದ್ದೋ.

ಟೈಲ್ಸ್‌ನವರ ಚೀಟಿ ಹೀಗಿರಬಹುದು. ಮಂಗಳವಾರ ಬೆಳಗ್ಗೆ ಮಸಾಲೆ ದೋಸೆ, ಉರಿ ಇಲ್ಲ. ಗುರುವಾರ ರಾತ್ರಿ ಹತ್ತಕ್ಕೆ ಅದೇ ಹೋಟೆಲಿನ ಅದೇ ದೋಸೆ, ಒಂದು ಗಂಟೆಗೆ ಉರಿ. ಇಲ್ಲಿ ತಪ್ಪು ದೋಸೆಯದಲ್ಲ, ಹೊತ್ತಿನದು. ಶುಕ್ರವಾರ ಮತ್ತು ಸೋಮವಾರ ಚುರುಮುರಿ ತಿಂದ ಅರ್ಧ ಗಂಟೆಯಲ್ಲಿ, ಕೂತಲ್ಲೇ ಉರಿ. ಮುಂದಿನ ವಾರ ಈರುಳ್ಳಿ ಬಿಡಿಸಿ ತಿಂದಾಗ ಏನೂ ಇಲ್ಲ. ಅಂದರೆ ಬಿಡಬೇಕಾದದ್ದು ಈರುಳ್ಳಿ, ಚುರುಮುರಿಯಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಮಾತ್ರ ಇಂಥ ಉತ್ತರ ಸಿಗುತ್ತದೆ.

ಮಲಗುವ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಎಡಮಗ್ಗುಲಲ್ಲಿ ಮಲಗಿದಾಗ ಜಠರದ ದ್ರವ ಬಾಗಿಲಿಗಿಂತ ಕೆಳಗೆ ನಿಲ್ಲುತ್ತದೆ, ಮೇಲೆ ಬಂದದ್ದೂ ಬೇಗ ಇಳಿಯುತ್ತದೆ. ಎರಡು ದಿಂಬು ಇಟ್ಟರೆ ಕುತ್ತಿಗೆ ಮಾತ್ರ ಬಾಗಿ ಹೊಟ್ಟೆ ಮಡಚುತ್ತದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಹದಿನೈದರಿಂದ ಇಪ್ಪತ್ತು ಸೆಂಟಿಮೀಟರ್ ಎತ್ತರಿಸಿದರೆ ಇಡೀ ಮುಂಡ ಇಳಿಜಾರಾಗುತ್ತದೆ.

ಮಾತ್ರೆಗಳ ವಿಷಯದಲ್ಲಿ ಎರಡು ತಪ್ಪು ಸಾಮಾನ್ಯ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಬಗೆಯ ಮಾತ್ರೆಯನ್ನು ಉರಿ ಬಂದ ಮೇಲೆ ನುಂಗಿದರೆ ತಕ್ಷಣದ ಪ್ರಯೋಜನ ಇಲ್ಲ. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಂಡಾಗಲೇ ಅದು ಚೆನ್ನಾಗಿ ಕೆಲಸ ಮಾಡುವುದು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ನೀರಿಗೆ ಹಾಕಿದರೆ ನೊರೆಯೇಳುವ ಪುಡಿಗಳಲ್ಲಿ ಸೋಡಿಯಂ ಹೆಚ್ಚು, ಬಿಪಿ ಇರುವವರು ಅದನ್ನು ರೂಢಿ ಮಾಡಿಕೊಳ್ಳಬಾರದು.

ಆಹಾರ ಬದಲಿಸಿ ಕಾಯಬಾರದ ಲಕ್ಷಣಗಳೂ ಇವೆ. ನುಂಗುವಾಗ ತುತ್ತು ಸಿಕ್ಕಿಕೊಳ್ಳುವುದು ಅಥವಾ ನೋವು, ರಕ್ತವಾಂತಿ, ಟಾರಿನಂತೆ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಕಂಡರೆ ಕೂಡಲೇ ವೈದ್ಯರ ಬಳಿ ಹೋಗಬೇಕು. ಎದೆ ಹಿಂಡಿದಂತಾಗಿ ತೋಳು, ದವಡೆ, ಬೆನ್ನಿಗೆ ಹರಡುವ ನೋವು, ಬೆವರು, ಉಸಿರು ಕಟ್ಟುವುದು, ಮೆಟ್ಟಿಲು ಹತ್ತಿದಾಗ ಹೆಚ್ಚಾಗುವ ಉರಿ, ಇವು ಹೃದಯದ್ದಿರಬಹುದು. "ಗ್ಯಾಸ್ಟ್ರಿಕ್" ಎಂದುಕೊಂಡು ಸೋಡಾ ಕುಡಿದು ಕಾದ ಸಮಯದಲ್ಲೇ ಜೀವ ಹೋದೀತು. ಅಂಥ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಬೇಕು, ಇಲ್ಲವೇ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಇವ್ಯಾವುದೂ ಇಲ್ಲದಿದ್ದರೂ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಉರಿ ಬರುತ್ತ ತಿಂಗಳು ಕಳೆದರೆ ಒಮ್ಮೆ ತೋರಿಸುವುದು ಒಳ್ಳೆಯದು.

ತೋರಿಸಲು ಹೋಗುವಾಗ ಆ ಎರಡು ವಾರದ ಚೀಟಿಯನ್ನೂ ಒಯ್ಯಬೇಕು. ಉರಿ ಊಟಕ್ಕೆ ಹೊಂದಿಕೊಂಡಿದೆಯೋ ಓಡಾಟಕ್ಕೋ, ಬರುವುದು ಹಗಲೋ ರಾತ್ರಿಯೋ ಎಂದು ವೈದ್ಯರು ಮೊದಲು ಕೇಳುವ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ. ಬೆನ್ನುನೋವಿಗೆ, ಬಿಪಿಗೆ ನುಂಗುತ್ತಿರುವ ಮಾತ್ರೆಗಳ ಹೆಸರನ್ನೂ ಕೆಳಗೆ ಬರೆದುಕೊಂಡಿರಬೇಕು, ಅವುಗಳಲ್ಲಿ ಕೆಲವು ಎದೆಯುರಿಯನ್ನು ಹೆಚ್ಚಿಸುತ್ತವೆ.